ಎಂಟು ವರ್ಷದ ಕೈಗೆ ಒಪ್ಪುವ ಬೇಕಿಂಗ್ ಸೆಟ್, ಅದರಲ್ಲಿ ಮಾಡಬಹುದಾದ ಮೂರು ತಿನಿಸು

ಅಣ್ಣನ ಮಗಳಿಗೆ ಎಂಟು ತುಂಬಿದ ದಿನ ಒಬ್ಬರು ಮಕ್ಕಳ ಬೇಕಿಂಗ್ ಸೆಟ್ ಉಡುಗೊರೆ ಕೊಟ್ಟರು. ಗುಲಾಬಿ ಬಣ್ಣದ ಡಬ್ಬಿ, ಒಳಗೆ ಮೂವತ್ತಕ್ಕೂ ಜಾಸ್ತಿ ಸಾಮಾನು. ಹುಡುಗಿ ಅವತ್ತೇ ಹಿಟ್ಟು ಕಲಸಲು ಕೂತಳು. ಪ್ಲಾಸ್ಟಿಕ್ ವಿಸ್ಕ್ ಬಾಗಿತು. ಚಮಚಗಳ ಮೇಲೆ ಅಳತೆಯೇ ಇರಲಿಲ್ಲ. ಕೈಗವಸು ಎಷ್ಟು ತೆಳು ಎಂದರೆ, ಚಹಾದ ಬಿಸಿ ಕಪ್ಪು ಹಿಡಿದರೂ ಬಿಸಿ ತಾಗುತ್ತಿತ್ತು. ಅಡುಗೆ ಇಷ್ಟಪಡುವ ಮಗುವಿಗೆ ಆಟದ ಸಾಮಾನು ಸಾಕಾಗುವುದಿಲ್ಲ. ಅದಕ್ಕೆ ಬೇಕಾದದ್ದು ನಿಜವಾದ ಸಾಮಾನು, ಗಾತ್ರ ಮಾತ್ರ ಚಿಕ್ಕದು.

ಆಮೇಲೆ ನಾನೇ ಒಂದೊಂದಾಗಿ ಕೂಡಿಸಿ ಅವಳಿಗೆ ಒಂದು ಸೆಟ್ ಮಾಡಿಕೊಟ್ಟೆ. ವಿಜಯಪುರದಲ್ಲಿ ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಅರ್ಧ ಸಿಕ್ಕಿತು, ಪಾತ್ರೆ ಅಂಗಡಿಯಲ್ಲಿ ಇನ್ನರ್ಧ. ತಕ್ಕಡಿ ಬಿಟ್ಟರೆ ಉಳಿದದ್ದೆಲ್ಲ ಸೇರಿ 800 ರೂಪಾಯಿ ದಾಟಲಿಲ್ಲ. ಏನೇನು ತಂದೆ, ಯಾಕೆ ತಂದೆ, ಅದರಲ್ಲಿ ಏನು ಮಾಡಿದೆವು, ಎಲ್ಲಿ ಕೆಟ್ಟಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಹಾಗೆಯೇ ಮಾಡಿ ನೋಡಿ.

ಸೆಟ್‌ನಲ್ಲಿ ಏನಿರಬೇಕು

ಎಲ್ಲಕ್ಕಿಂತ ಮೊದಲು 4 ಇಂಚು ಅಗಲ, 2 ಇಂಚು ಎತ್ತರದ ದುಂಡು ಅಲ್ಯೂಮಿನಿಯಂ ಕೇಕ್ ಟಿನ್ ತನ್ನಿ. ಎರಡಿದ್ದರೆ ಇನ್ನೂ ಒಳ್ಳೆಯದು. ಇಡೀ ಸೆಟ್ ನಿಂತಿರುವುದೇ ಈ ಟಿನ್ ಮೇಲೆ. ಇದಕ್ಕೆ ಹಿಡಿಸುವ ಹಿಟ್ಟು ಒಂದು ಸಣ್ಣ ಬೋಗುಣಿಯಲ್ಲಿ ಕಲಸಬಹುದು, ಹಾಗಾಗಿ ಮಗುವಿನ ಮಣಿಕಟ್ಟು ನೋಯುವುದಿಲ್ಲ. ಕೆಟ್ಟರೂ ಹಾಳಾಗುವುದು ಆರು ಚಮಚ ಹಿಟ್ಟು ಮಾತ್ರ. ಕಪ್ಪು ಬಣ್ಣದ ನಾನ್‌ಸ್ಟಿಕ್ ಟಿನ್ ಬೇಡ, ಅದು ಬಿಸಿ ಜಾಸ್ತಿ ಎಳೆದುಕೊಂಡು ಅಂಚನ್ನು ಬೇಗ ಕಂದಿಸುತ್ತದೆ.

ಎರಡನೆಯದು ಅಳತೆ ಚಮಚ. ಸ್ಟೀಲಿನದೇ ಇರಲಿ. ಒಂದು ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ, ಆಮೇಲೆ ಅರ್ಧ ಮತ್ತು ಕಾಲು. ಮನೆಯ ಊಟದ ಚಮಚ ಒಂದೊಂದು ಒಂದೊಂದು ಗಾತ್ರ, ಅದರಿಂದ ಅಡುಗೆ ಸೋಡಾ ಅಳೆದರೆ ಕೇಕ್ ಕಹಿಯಾಗುವುದು ಖಂಡಿತ. ತುಂಬಿದ ಚಮಚವನ್ನು ಚಾಕುವಿನ ಹಿಂಬದಿಯಿಂದ ಸಮ ಮಾಡುವುದನ್ನು ಮೊದಲ ದಿನವೇ ಹೇಳಿಕೊಡಿ.

ಮೂರನೆಯದು ಸಣ್ಣ ಡಿಜಿಟಲ್ ತಕ್ಕಡಿ. ಮಕ್ಕಳಿಗೆ ತಕ್ಕಡಿ ಯಾಕೆ ಅಂತ ಅನಿಸಬಹುದು. ಆದರೆ ಎಂಟು ವರ್ಷದವರಿಗೆ ಇದರಷ್ಟು ಹಿಡಿಸುವ ಸಾಮಾನು ಇನ್ನೊಂದಿಲ್ಲ. ಬೋಗುಣಿ ಇಟ್ಟು ಟೇರ್ ಗುಂಡಿ ಒತ್ತಿದರೆ ಸೊನ್ನೆ ಬರುತ್ತದೆ, 40 ಬರುವ ತನಕ ಹಿಟ್ಟು ಸುರಿಯಬೇಕು, ಮತ್ತೆ ಒತ್ತಬೇಕು, ಮತ್ತೆ ಸೊನ್ನೆ. ಜೋಳದ ಹಿಟ್ಟನ್ನು ಕಪ್ಪಿನಲ್ಲಿ ಅಳೆದರೆ, ಒತ್ತಿ ತುಂಬಿದ್ದಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಗ್ರಾಂನಲ್ಲಿ ಆ ತಾಪತ್ರಯವಿಲ್ಲ.

ಇನ್ನು ಉಳಿದವು ಸಣ್ಣಪುಟ್ಟವು. ಒಂದು ಗೇಣುದ್ದದ ಸ್ಟೀಲ್ ವಿಸ್ಕ್, ಚಿಕ್ಕ ಸಿಲಿಕಾನ್ ಸ್ಪ್ಯಾಚುಲಾ, ಹಿಟ್ಟು ಸಾಣಿಸಲು ಹಿಡಿಯಿರುವ ಸಣ್ಣ ಜರಡಿ, ಚಿಕ್ಕ ಲಟ್ಟಣಿಗೆ, ಒಂದೆರಡು ಬಿಸ್ಕಿಟ್ ಅಚ್ಚು, ನಿಮ್ಮ ಓವನ್‌ಗೆ ಹಿಡಿಸುವ ಒಂದು ತಟ್ಟೆ. ಆಳವಾದ ಸ್ಟೀಲ್ ಬೋಗುಣಿ ಮನೆಯಲ್ಲೇ ಇರುತ್ತದೆ. ಅದರ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಕಲಸುವಾಗ ಜಾರುವುದಿಲ್ಲ. ಕ್ರೀಮ್ ಬಿಡುವ ಇಪ್ಪತ್ತನಾಲ್ಕು ನಾಝಲ್‌ಗಳ ಡಬ್ಬಿ ಈಗ ಬೇಡ. ಮಕ್ಕಳ ಕೈಗವಸೂ ಬೇಡ. ಬಿಸಿ ತಟ್ಟೆ ಹಿಡಿಯುವುದು ದೊಡ್ಡವರ ಕೆಲಸ. ಮಗುವಿನ ಕೈಗೆ ಗವಸು ಕೊಟ್ಟರೆ, "ನೀನೂ ಹಿಡಿಯಬಹುದು" ಅಂತ ಹೇಳಿದ ಹಾಗಾಗುತ್ತದೆ.

ಎಲ್ಲಿ ಕೂರಿಸಬೇಕು

ಅಡುಗೆ ಕಟ್ಟೆ ಎಂಟು ವರ್ಷದವರಿಗೆ ಎತ್ತರ. ಸ್ಟೂಲ್ ಮೇಲೆ ನಿಲ್ಲಿಸಿದರೆ ಗಮನವೆಲ್ಲ ಬೀಳದಂತೆ ನಿಲ್ಲುವುದಕ್ಕೇ ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಉಪಾಯ ಮೊದಲಿನಿಂದಲೂ ಇದೆ. ಅಜ್ಜಿ ರೊಟ್ಟಿ ಬಡಿಯಲು ಕೊಮಣಿಗೆ ಮುಂದೆ ಕೂರುತ್ತಿದ್ದಳಲ್ಲ, ಹಾಗೆಯೇ ಚಾಪೆ ಹಾಸಿ ನೆಲದ ಮೇಲೆ ಕೂರಿಸಿ. ಕೂತಾಗ ಮೊಣಕೈ ಸರಿಯಾದ ಎತ್ತರಕ್ಕೆ ಬರುತ್ತದೆ. ಹಿಟ್ಟು ಚೆಲ್ಲಿದರೂ ದೂರ ಹೋಗುವುದಿಲ್ಲ.

ಓವನ್ ಇಟ್ಟ ಕಡೆ ನೆಲದ ಮೇಲೆ ಎರಡು ಮಾರು ದೂರದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಓವನ್ ಬಿಸಿ ಇರುವ ತನಕ ಮಗು ಆ ಗೆರೆ ದಾಟಬಾರದು. ಓಟಿಜಿ ಎನ್ನುವ ಕರೆಂಟಿನ ಸಣ್ಣ ಓವನ್‌ನ ಮುಂದಿನ ಗಾಜು, ಮೇಲ್ಭಾಗ, ಎರಡು ಬದಿ ಎಲ್ಲವೂ ಸುಡುತ್ತವೆ, ಆರಿಸಿದ ಮೇಲೂ ತುಂಬಾ ಹೊತ್ತು ಬಿಸಿ ಇರುತ್ತವೆ. "ಹುಷಾರು, ಹುಷಾರು" ಅಂತ ಹತ್ತು ಸಲ ಕೂಗುವುದಕ್ಕಿಂತ ಆ ಗೆರೆ ಚೆನ್ನಾಗಿ ಕೆಲಸ ಮಾಡಿತು. ಗೆರೆ ಎಳೆದವಳೂ ಅವಳೇ, ಅದಕ್ಕೆ ಇರಬೇಕು.

ಇನ್ನೊಂದು ಮಾತು. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆ ಹಾಕದಿದ್ದರೂ ಬೇಯದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು. ಪಕ್ಕದಲ್ಲಿ ಒಂದು ವಾಟಿ ಒಣದ್ರಾಕ್ಷಿ ಇಟ್ಟುಬಿಡಿ, ಬಾಯಿಗೆ ಅದೇ ಸಾಕು.

ಮೊದಲನೆಯದು: ಜೋಳದ ನಾನಕಟಾಯಿ

ದೀಪಾವಳಿ ಮುಂದೆ ಮನೆಯಿಂದಲೇ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಭಟ್ಟಿಯಲ್ಲಿ ನಾನಕಟಾಯಿ ಮಾಡಿಸಿಕೊಂಡು ಬರುತ್ತಿದ್ದದ್ದು ನನಗೆ ನೆನಪಿದೆ. ಮೊದಲ ಪಾಠಕ್ಕೆ ಇದನ್ನೇ ಆರಿಸಿಕೊಂಡೆ. ಇದರಲ್ಲಿ ಉಬ್ಬಿಸುವ ಚಿಂತೆ ಕಮ್ಮಿ, ಕೈಯಲ್ಲಿ ಉಂಡೆ ಮಾಡುವ ಖುಷಿ ಜಾಸ್ತಿ.

ಹನ್ನೆರಡು ನಾನಕಟಾಯಿಗೆ ಅಳತೆ ಹೀಗಿದೆ:

- ಜೋಳದ ಹಿಟ್ಟು 40 ಗ್ರಾಂ
- ಮೈದಾ ಅಥವಾ ಗೋಧಿ ಹಿಟ್ಟು 40 ಗ್ರಾಂ
- ಕಡಲೆ ಹಿಟ್ಟು 20 ಗ್ರಾಂ
- ಹೆಪ್ಪುಗಟ್ಟಿದ ತುಪ್ಪ 60 ಗ್ರಾಂ
- ಸಕ್ಕರೆ ಪುಡಿ 45 ಗ್ರಾಂ
- ಬೇಕಿಂಗ್ ಪೌಡರ್ ಕಾಲು ಸಣ್ಣ ಚಮಚ
- ಏಲಕ್ಕಿ ಪುಡಿ ಮತ್ತು ಉಪ್ಪು, ಒಂದೊಂದು ಚಿಟಿಕೆ

ಜೋಳದ ಹಿಟ್ಟು ಗಿರಣಿಯಿಂದ ಹೊಸದಾಗಿ ಬೀಸಿಕೊಂಡು ಬಂದದ್ದಾಗಲಿ. ಹಳೆಯ ಜೋಳದ ಹಿಟ್ಟು ಕಮಟಾಗಿ ಕಹಿ ಬಿಡುತ್ತದೆ, ತುಪ್ಪದ ಜೊತೆ ಆ ಕಹಿ ಇನ್ನೂ ಎದ್ದು ಕಾಣುತ್ತದೆ. ಪೂರ್ತಿ ಜೋಳದಲ್ಲೇ ಮಾಡಲು ಹೋಗಬೇಡಿ. ಜೋಳದಲ್ಲಿ ಗೋಧಿಯ ಹಾಗೆ ಜಿಗಿ ಇಲ್ಲ. ರೊಟ್ಟಿಗೆ ಬಿಸಿನೀರು ಹಾಕಿ ನಾದುತ್ತೇವೆ, ಆದರೆ ಇಲ್ಲಿ ನೀರೇ ಇಲ್ಲ. ಹಾಗಾಗಿ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅರ್ಧದಷ್ಟು ಗೋಧಿ ಅಥವಾ ಮೈದಾ ಇದ್ದರೆ ಹಿಡಿದು ನಿಲ್ಲುತ್ತದೆ.

ಮಗು ಮೊದಲು ಮೂರೂ ಹಿಟ್ಟು, ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಎರಡು ಸಲ ಸಾಣಿಸಲಿ. ಆಮೇಲೆ ಬೋಗುಣಿಯಲ್ಲಿ ತುಪ್ಪ ಮತ್ತು ಸಕ್ಕರೆ ಪುಡಿ ಹಾಕಿ ವಿಸ್ಕ್‌ನಿಂದ ಐದು ನಿಮಿಷ ತಿರುವಲಿ. ಹಳದಿ ಇದ್ದದ್ದು ಬಿಳಿಚಿಕೊಂಡು ಹಗುರಾಗಬೇಕು. ಏಲಕ್ಕಿ ಹಾಕಿ. ಈಗ ಹಿಟ್ಟು ಹಾಕಿ ಬೆರಳ ತುದಿಯಿಂದ ಕೂಡಿಸಿದರೆ ಸಾಕು, ಚಪಾತಿ ಹಿಟ್ಟಿನ ಹಾಗೆ ನಾದಬಾರದು. 17 ಗ್ರಾಂನ ಹನ್ನೆರಡು ಉಂಡೆ ಬರುತ್ತವೆ, ಗಾತ್ರ ಹೆಚ್ಚುಕಮ್ಮಿ ಧಾರವಾಡ ಪೇಡೆಯಷ್ಟು. ಒಂದೊಂದನ್ನೂ ತಕ್ಕಡಿ ಮೇಲೆ ಇಟ್ಟು ತೂಗಲಿ. ಎಲ್ಲವೂ ಒಂದೇ ತೂಕ ಇದ್ದರೆ ಎಲ್ಲವೂ ಒಂದೇ ಹೊತ್ತಿಗೆ ಬೇಯುತ್ತವೆ. ಸ್ವಲ್ಪ ಚಪ್ಪಟೆ ಒತ್ತಿ, ನಡುವೆ ಒಂದು ಒಣದ್ರಾಕ್ಷಿ ಒತ್ತಿ, ಎರಡು ಬೆರಳು ಅಂತರ ಬಿಟ್ಟು ತಟ್ಟೆಯಲ್ಲಿ ಜೋಡಿಸಿ.

ಓಟಿಜಿಯನ್ನು 160 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಾಕಿ, ಹತ್ತು ನಿಮಿಷ ಮೊದಲೇ ಕಾಯಿಸಿ. ನಡುವಿನ ಹಂತದಲ್ಲಿ ತಟ್ಟೆ ಇಟ್ಟು 15ರಿಂದ 18 ನಿಮಿಷ ಬೇಯಿಸಿ. ಮೇಲೆ ಬಣ್ಣ ಬರುವ ತನಕ ಕಾಯಬೇಡಿ. ಕೆಳಗಿನ ಅಂಚು ತಿಳಿ ಕಂದು ಆದರೆ ಆಯಿತು. ತೆಗೆದಾಗ ಮುಟ್ಟಿದರೆ ಮೆತ್ತಗಿರುತ್ತದೆ. ಬೆಂದಿಲ್ಲ ಅಂತ ಮತ್ತೆ ಇಡಬೇಡಿ, ಹತ್ತು ನಿಮಿಷ ತಟ್ಟೆಯಲ್ಲೇ ಬಿಡಿ, ಆರುತ್ತಾ ಗಟ್ಟಿಯಾಗುತ್ತದೆ.

ನಮ್ಮ ನಾನಕಟಾಯಿ ಯಾಕೆ ಹರಡಿತು

ನಾವು ಇದನ್ನು ಮೊದಲು ಮಾಡಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ 40 ಡಿಗ್ರಿ ಬಿಸಿಲು. ತುಪ್ಪದ ಡಬ್ಬಿ ತೆಗೆದರೆ ಎಣ್ಣೆಯ ಹಾಗೆ ನೀರಾಗಿತ್ತು. ಗ್ರಾಂ ಸರಿಯಾಗಿದೆಯಲ್ಲ, ಪರವಾಗಿಲ್ಲ ಅಂದುಕೊಂಡು ಹಾಗೇ ಹಾಕಿದೆವು. ಉಂಡೆ ಕಟ್ಟುವಾಗಲೇ ಅಂಗೈ ಎಲ್ಲ ಜಿಡ್ಡು. ಓವನ್‌ಗೆ ಹೋದ ಐದೇ ನಿಮಿಷಕ್ಕೆ ಗಾಜಿನಾಚೆ ಹನ್ನೆರಡು ಉಂಡೆಗಳು ಕರಗಿ ಒಂದಕ್ಕೊಂದು ತಾಗಿ ಒಂದೇ ಹಾಳೆಯಾದವು.

ಗೆರೆಯ ಆಚೆಯಿಂದಲೇ ಹುಡುಗಿ ಕೂಗಿದಳು: "ಅತ್ತೀ, ಇವು ಯಾಕ ಕೈ ಕೈ ಹಿಡ್ಕೊಂಡಾವು?"

ಎರಡನೇ ಸಲ ನಾನು ಇನ್ನೊಂದು ತಪ್ಪು ಮಾಡಿದೆ. ಹಿಟ್ಟು ಸಡಿಲ ಇದೆ ಅಂತ ಇನ್ನೂ ಮೂರು ಚಮಚ ಹಿಟ್ಟು ಸೇರಿಸಿದೆ. ಹರಡಲಿಲ್ಲ ನಿಜ, ಆದರೆ ಒಣಗಿ ಗಟ್ಟಿಯಾಗಿ ಗಂಟಲಲ್ಲಿ ಹಿಡಿಯುವಂತಾಯಿತು. ಹಿಟ್ಟಿನ ಅಳತೆ ಮೊದಲೇ ಸರಿಯಿತ್ತು. ಸರಿಯಿಲ್ಲದಿದ್ದದ್ದು ತುಪ್ಪದ ಬಿಸಿ.

ನಾನಕಟಾಯಿ ದುಂಡಗೆ ನಿಲ್ಲಬೇಕಾದರೆ, ಹೊರಗಿನ ಹಿಟ್ಟು ಬೆಂದು ಗಟ್ಟಿಯಾಗುವ ತನಕ ಒಳಗಿನ ತುಪ್ಪ ಪೂರ್ತಿ ಕರಗಬಾರದು. ತುಪ್ಪ ಮೊದಲೇ ನೀರಾಗಿದ್ದರೆ ಹಿಟ್ಟಿಗೆ ನಿಲ್ಲಲು ಆಧಾರವೇ ಇರುವುದಿಲ್ಲ. ಇನ್ನೊಂದು, ನೀರಾದ ತುಪ್ಪವನ್ನು ಎಷ್ಟು ತಿರುವಿದರೂ ಗಾಳಿ ಹಿಡಿಯುವುದಿಲ್ಲ. ಗಾಳಿ ಹಿಡಿಯದಿದ್ದರೆ ಬಾಯಲ್ಲಿ ಕರಗುವ ಗುಣ ಬರುವುದಿಲ್ಲ.

ಹಾಗಾಗಿ ಮೂರನೇ ಸಲ ಹೀಗೆ ಮಾಡಿದೆವು. ತುಪ್ಪವನ್ನು ಬೋಗುಣಿ ಸಮೇತ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿ ಇಟ್ಟೆವು, ನಡುವೆ ಒಂದು ಸಲ ಕಲಕಿದೆವು. ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಇರುತ್ತದಲ್ಲ, ಬೆರಳು ಒತ್ತಿದರೆ ಗುಳಿ ಬೀಳುವ ಹಾಗೆ, ಅಷ್ಟಾದರೆ ಸಾಕು. ಕಲ್ಲಾದರೆ ಮಗುವಿನ ಕೈಗೆ ತಿರುವಲು ಆಗುವುದಿಲ್ಲ. ಉಂಡೆ ಜೋಡಿಸಿದ ಮೇಲೆ ತಟ್ಟೆಯನ್ನೂ ಹದಿನೈದು ನಿಮಿಷ ಫ್ರಿಜ್‌ನಲ್ಲಿ ಇಟ್ಟೆವು. ಅಷ್ಟರಲ್ಲಿ ಓವನ್ ಕಾದಿರುತ್ತದೆ. ಈ ಸಲ ಎಲ್ಲವೂ ದುಂಡಗೆ ನಿಂತವು, ಮೇಲೆ ಸಣ್ಣ ಬಿರುಕು ಬಿಟ್ಟು, ಅಂಗಡಿಯಲ್ಲಿ ಬರುವ ಹಾಗೇ.

ಓವನ್‌ಗೆ ಇಡುವ ಮೊದಲೇ ತಿಳಿಯುವ ಪರೀಕ್ಷೆ ಒಂದಿದೆ, ಇದನ್ನು ಮಗುವಿಗೆ ಕಲಿಸಿ. ಒಂದು ಉಂಡೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಹದ ಸರಿ ಇದೆ. ಬಿರುಕೇ ಇಲ್ಲದೆ ಮಿರಮಿರ ಹೊಳೆದು ಬೆರಳಿಗೆ ಜಿಡ್ಡು ಅಂಟಿದರೆ ಫ್ರಿಜ್‌ಗೆ ಹೋಗಬೇಕು. ಒತ್ತಿದ ಕೂಡಲೇ ಪುಡಿಪುಡಿ ಆದರೆ ಅರ್ಧ ಸಣ್ಣ ಚಮಚ ತುಪ್ಪ ಸೇರಿಸಬೇಕು. ಆಮೇಲೂ ಅನುಮಾನ ಇದ್ದರೆ ಹನ್ನೆರಡನ್ನೂ ಒಟ್ಟಿಗೆ ಇಡಬೇಡಿ. ಎರಡೇ ಎರಡು ಇಟ್ಟು ನೋಡಿ. ಅವು ಹರಡಿದರೆ ಉಳಿದ ಹತ್ತನ್ನು ಸರಿಪಡಿಸಲು ದಾರಿ ಇರುತ್ತದೆ. ಈಗ ಹುಡುಗಿ ಆ ಎರಡಕ್ಕೆ "ಪರೀಕ್ಷೆ ಬಿಸ್ಕಿಟ್" ಅಂತ ಹೆಸರಿಟ್ಟಿದ್ದಾಳೆ. ಅವನ್ನು ತಿನ್ನುವ ಹಕ್ಕು ಅವಳದೇ.

ಎರಡನೆಯದು: 4 ಇಂಚಿನ ಮೊಸರು ಕೇಕ್

ಇಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲ ಕಡೆ ಸಿಗುವ ಅಳತೆ 8 ಇಂಚಿನ ಟಿನ್‌ದು. ನಮ್ಮ ಟಿನ್ 4 ಇಂಚು, ಅಂದರೆ ಅರ್ಧ ಹಾಕೋಣ ಅಂತ ಲೆಕ್ಕ ಹಾಕಿದರೆ ಹಿಟ್ಟು ಉಕ್ಕಿ ಓವನ್ ತುಂಬ ಚೆಲ್ಲುತ್ತದೆ. ಸರಿಯಾದ ಲೆಕ್ಕ ಕಾಲು ಭಾಗ. ಇದನ್ನು ಬಾಯಲ್ಲಿ ಹೇಳಿದರೆ ಮಗು ನಂಬುವುದಿಲ್ಲ, ನೀರಿನಲ್ಲಿ ತೋರಿಸಿ. ಸಣ್ಣ ಟಿನ್ ತುಂಬ ನೀರು ಹಿಡಿದು, ಅಷ್ಟೇ ಎತ್ತರದ 8 ಇಂಚಿನ ಟಿನ್‌ಗೆ ಸುರಿಯಲು ಹೇಳಿ. ನಮ್ಮ ಹುಡುಗಿ ಎರಡು ಸಲಕ್ಕೆ ತುಂಬುತ್ತದೆ ಅಂತ ಪಂತ ಕಟ್ಟಿದ್ದಳು. ಎರಡು ಸುರಿದಾಗ ನೀರು ಅರ್ಧಕ್ಕಿತ್ತು. ನಾಲ್ಕನೆಯದಕ್ಕೆ ಅಂಚಿಗೆ ಬಂತು. ಟಿನ್ ಅಗಲಕ್ಕೂ ಎರಡು ಪಟ್ಟು, ಉದ್ದಕ್ಕೂ ಎರಡು ಪಟ್ಟು, ಹಾಗಾಗಿ ನಾಲ್ಕು ಪಟ್ಟು.

ಕಾಲು ಭಾಗ ಮಾಡಿದಾಗ ಬರುವ ಅಳತೆ ಇಷ್ಟು ಸರಳ ಆಗುತ್ತದೆ, ಎಲ್ಲವನ್ನೂ ಒಂದೇ ದೊಡ್ಡ ಚಮಚದಿಂದ ಎಣಿಸಬಹುದು. ಮೈದಾ ಆರು, ಗಟ್ಟಿ ಮೊಸರು ನಾಲ್ಕು, ಸಕ್ಕರೆ ಮೂರು, ವಾಸನೆಯಿಲ್ಲದ ಎಣ್ಣೆ ಎರಡು. ಆರು, ನಾಲ್ಕು, ಮೂರು, ಎರಡು ಅಂತ ಬಾಯಿಪಾಠ ಆಗಿಬಿಡುತ್ತದೆ. ಇದರ ಜೊತೆ ಬೇಕಿಂಗ್ ಪೌಡರ್ ಕಾಲು ಸಣ್ಣ ಚಮಚ, ಸೋಡಾ ಅದರ ಅರ್ಧ, ಅಂದರೆ ಕಾಲು ಚಮಚವನ್ನು ಅರ್ಧ ತುಂಬಿದಷ್ಟು. ಒಂದು ಚಿಟಿಕೆ ಉಪ್ಪು. ಪರಿಮಳಕ್ಕೆ ವೆನಿಲ್ಲಾ ಬೇಡ ಅನಿಸಿದರೆ ಇಂಡಿ ಕಡೆಯ ನಿಂಬೆಹಣ್ಣು ನಮ್ಮ ಊರಲ್ಲೇ ಸಿಗುತ್ತದಲ್ಲ, ಅದರ ಸಿಪ್ಪೆಯ ಮೇಲ್ಪದರ ಮಾತ್ರ ತುರಿದು ಹಾಕಿ. ಬಿಳಿ ಭಾಗ ಬಂದರೆ ಕಹಿ. ಸಣ್ಣ ನಿಂಬೆ ತುರಿಯುವಾಗ ಬೆರಳು ಹೆರೆಯುವ ಸಾಧ್ಯತೆ ಜಾಸ್ತಿ, ಅದು ನಿಮ್ಮ ಕೆಲಸ.

ಮೊದಲು ನೀವು ಓವನ್ 170 ಡಿಗ್ರಿಗೆ ಹಾಕಿ. ಮಗು ಟಿನ್ ಒಳಗೆ ಎಣ್ಣೆ ಸವರಿ, ತಳಕ್ಕೆ ದುಂಡಗೆ ಕತ್ತರಿಸಿದ ಬೆಣ್ಣೆ ಕಾಗದ ಇಡಲಿ. ಬೋಗುಣಿಯಲ್ಲಿ ಮೊಸರು ಮತ್ತು ಸಕ್ಕರೆ ಹಾಕಿ ಸಕ್ಕರೆ ಕರಗುವ ತನಕ ತಿರುವಲಿ. ಈಗ ಸೋಡಾ ಮತ್ತು ಬೇಕಿಂಗ್ ಪೌಡರ್ ಹಾಕಿ ಕಲಕಿ, ಸುಮ್ನೆ ಐದು ನಿಮಿಷ ನೋಡುತ್ತ ಕೂರಿ. ಮೊಸರಿನ ಹುಳಿ ಸೋಡಾಕ್ಕೆ ತಾಗಿ ಗಾಳಿ ಹೊರಡುತ್ತದೆ, ಮೇಲೆ ಸಣ್ಣ ಗುಳ್ಳೆಗಳು ಎದ್ದು ಬೋಗುಣಿಯಲ್ಲಿ ಮೊಸರು ಉಬ್ಬುತ್ತದೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚಿರ್ ಎನ್ನುವ ಸದ್ದೂ ಕೇಳುತ್ತದೆ. ಕೇಕ್ ಮೇಲೇಳುವುದು ಇದೇ ಗಾಳಿಯಿಂದ. ಗುಳ್ಳೆಯೇ ಬರದಿದ್ದರೆ ನಿಮ್ಮ ಸೋಡಾ ಹಳೆಯದು, ಅಲ್ಲಿಗೇ ನಿಲ್ಲಿಸಿ ಹೊಸದು ತನ್ನಿ.

ಗುಳ್ಳೆ ಬಂದ ಮೇಲೆ ಎಣ್ಣೆ ಮತ್ತು ನಿಂಬೆ ಸಿಪ್ಪೆ ಸೇರಿಸಿ, ಮೈದಾ ಸಾಣಿಸಿ ಹಾಕಿ. ಇಲ್ಲಿಂದ ಮುಂದೆ ಕೈ ಬಿಗಿ ಹಿಡಿಯಬೇಕು. ಮಕ್ಕಳಿಗೆ ತಿರುವುವುದೆಂದರೆ ಪ್ರಾಣ. ಆದರೆ ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಿದರೆ ಜಿಗಿ ಬಿಟ್ಟು ಕೇಕ್ ರಬ್ಬರ್ ಆಗುತ್ತದೆ, ಹಿಡಿದ ಗಾಳಿಯೂ ಹೋಗುತ್ತದೆ. ನಾವು ಮಾಡಿಕೊಂಡ ನಿಯಮ ಇದು: ಮೊಸರು ಸಕ್ಕರೆಯನ್ನು ಬೇಕಾದಷ್ಟು ಹೊತ್ತು ತಿರುವಬಹುದು, ಮೈದಾ ಹಾಕಿದ ಮೇಲೆ ಸ್ಪ್ಯಾಚುಲಾದಿಂದ ಇಪ್ಪತ್ತೈದು ಸುತ್ತು ಮಾತ್ರ, ಜೋರಾಗಿ ಎಣಿಸಬೇಕು. ಒಂದೆರಡು ಸಣ್ಣ ಗಂಟು ಉಳಿದರೆ ಉಳಿಯಲಿ. ಕೂಡಲೇ ಟಿನ್‌ಗೆ ಸುರಿದು ಓವನ್‌ಗೆ ಇಡಿ. ಹಿಟ್ಟು ಟಿನ್‌ನ ಅರ್ಧದಷ್ಟು ಬರಬೇಕು. ಮೇಲೆ ಹಾಕುವ ಒಣದ್ರಾಕ್ಷಿಯನ್ನು ಚೂರು ಮಾಡಿ ಒಣ ಮೈದಾದಲ್ಲಿ ಹೊರಳಿಸಿದರೆ ತಳಕ್ಕೆ ಇಳಿಯುವುದು ಕಮ್ಮಿ.

25 ನಿಮಿಷ ಬೇಕು. ಮೊದಲ 20 ನಿಮಿಷ ಬಾಗಿಲು ತೆರೆಯಬೇಡಿ, ನಡು ಇನ್ನೂ ಹಸಿ ಇರುವಾಗ ತಣ್ಣನೆ ಗಾಳಿ ತಾಗಿದರೆ ಕುಸಿದು ಗುಳಿ ಬೀಳುತ್ತದೆ. ಆಮೇಲೆ ಹೊರಗೆ ತೆಗೆದು ಕಡ್ಡಿ ಚುಚ್ಚಿ ನೋಡಿ. ಒದ್ದೆ ಹಿಟ್ಟು ಅಂಟದೆ ಬಂದರೆ ಬೆಂದಿದೆ. ಹೊರಗೆ ಕಪ್ಪಾಗಿ ಒಳಗೆ ಹಸಿ ಇದ್ದರೆ ನಿಮ್ಮ ಓವನ್ ತೋರಿಸುವುದಕ್ಕಿಂತ ಜಾಸ್ತಿ ಕಾಯುತ್ತಿದೆ, ಮುಂದಿನ ಸಲ 10 ಡಿಗ್ರಿ ಇಳಿಸಿ. ಸಣ್ಣ ಓಟಿಜಿಗಳಲ್ಲಿ ರಾಡ್ ಹತ್ತಿರ ಇರುವುದರಿಂದ ಇದು ಸಾಮಾನ್ಯ. ಕೇಕ್ ಸಾಬೂನಿನ ರುಚಿ ಬಂದು ಒಳಗೆಲ್ಲ ಕಂದಾಗಿದ್ದರೆ ಸೋಡಾ ಜಾಸ್ತಿ ಆಗಿದೆ ಅಂತ ತಿಳಿಯಿರಿ.

ಮೂರನೆಯದು: ಅಚ್ಚಿನ ಬೆಲ್ಲದ ಬಿಸ್ಕಿಟ್

ಅಚ್ಚು ತಂದ ಮೇಲೆ ಮಗು ಅದನ್ನೇ ಕೇಳುತ್ತದೆ. ನಾನಕಟಾಯಿ ಹಿಟ್ಟಿಗೆ ಅಚ್ಚು ಒತ್ತಲು ಆಗುವುದಿಲ್ಲ, ಪುಡಿಯಾಗುತ್ತದೆ. ಇದಕ್ಕೆ ಗೋಧಿ ಹಿಟ್ಟು 100 ಗ್ರಾಂ, ಗಟ್ಟಿ ಬೆಣ್ಣೆ 40 ಗ್ರಾಂ, ಸಣ್ಣಗೆ ತುರಿದು ಜರಡಿ ಹಿಡಿದ ಬೆಲ್ಲ 40 ಗ್ರಾಂ, ಬೇಕಿಂಗ್ ಪೌಡರ್ ಕಾಲು ಸಣ್ಣ ಚಮಚ, ಒಣಶುಂಠಿ ಪುಡಿಯೂ ಅಷ್ಟೇ ಅಳತೆ. ನಾವು ಮಹಾಲಿಂಗಪುರದ ಬೆಲ್ಲ ತರುತ್ತೇವೆ. ಯಾವುದಾದರೂ ಸರಿ, ಗಂಟು ಮಾತ್ರ ಉಳಿಯಬಾರದು. ಉಳಿದರೆ ಓವನ್‌ನಲ್ಲಿ ಕರಗಿ ತಟ್ಟೆಗೆ ಅಂಟಿ ಸೀಯುತ್ತದೆ.

ಬೆಣ್ಣೆಯನ್ನು ಹಿಟ್ಟಿನಲ್ಲಿ ರವೆಯ ಹಾಗೆ ಉದುರುದುರಾಗಿ ತಿಕ್ಕಿ, ಬೆಲ್ಲ ಮತ್ತು ಉಳಿದದ್ದು ಸೇರಿಸಿ, ಎರಡು ದೊಡ್ಡ ಚಮಚದೊಳಗೆ ತಣ್ಣನೆ ಹಾಲು ಸ್ವಲ್ಪ ಸ್ವಲ್ಪ ಹಾಕಿ ಕೂಡಿಸಿ. ಹೋಳಿಗೆ ಮಾಡುವ ಪ್ಲಾಸ್ಟಿಕ್ ಹಾಳೆ ಎರಡು ತಗೊಂಡು ನಡುವೆ ಇಟ್ಟು ಲಟ್ಟಿಸಿ. ಮಕ್ಕಳು ಲಟ್ಟಿಸಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ತೆಳು ಕಡೆ ಸೀದು ದಪ್ಪ ಕಡೆ ಹಸಿ ಉಳಿಯುತ್ತದೆ. ಎರಡೂ ಬದಿಗೆ ಐಸ್‌ಕ್ರೀಮ್ ಕಡ್ಡಿ ಎರಡೆರಡು ಒಂದರ ಮೇಲೊಂದು ಇಟ್ಟು, ಲಟ್ಟಣಿಗೆ ಅವುಗಳ ಮೇಲೆ ಉರುಳುವಂತೆ ಮಾಡಿ. ಕಡ್ಡಿಗಿಂತ ತೆಳ್ಳಗೆ ಆಗುವುದೇ ಇಲ್ಲ. ಅಚ್ಚು ಒತ್ತಿ, ತಟ್ಟೆ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, 160 ಡಿಗ್ರಿಯಲ್ಲಿ 12ರಿಂದ 15 ನಿಮಿಷ. ಬೆಲ್ಲ ಬೇಗ ಕಂದುತ್ತದೆ, 10 ನಿಮಿಷ ಆದ ಮೇಲೆ ಕಣ್ಣು ತೆಗೆಯಬೇಡಿ.

ಕರೆಂಟ್ ಹೋದರೆ

ಬೇಸಿಗೆಯಲ್ಲಿ ಇದಕ್ಕೂ ತಯಾರಿರಬೇಕು. ಕೇಕ್ ಹಿಟ್ಟು ಕಲಸಿ ಆದ ಮೇಲೆ ಹಾಗೇ ಬಿಟ್ಟಿಡಲು ಬರುವುದಿಲ್ಲ, ಗುಳ್ಳೆ ಎಲ್ಲ ಒಡೆದು ಹೋಗುತ್ತವೆ. ದಪ್ಪ ತಳದ ಹಳೆಯ ಕಡಾಯಿಯಲ್ಲಿ ಅರ್ಧ ಇಂಚು ಉಪ್ಪು ಹರಡಿ, ಮೇಲೆ ಒಂದು ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನಾನ್‌ಸ್ಟಿಕ್ ಕಡಾಯಿ ಬೇಡ, ಅದನ್ನು ಖಾಲಿ ಕಾಯಿಸಬಾರದು. ಟಿನ್ ಇಟ್ಟು ಉರಿ ಪೂರ್ತಿ ಸಣ್ಣ ಮಾಡಿ. 30ರಿಂದ 35 ನಿಮಿಷ ಹಿಡಿಯುತ್ತದೆ. ಮೇಲೆ ರಾಡ್ ಇಲ್ಲದ್ದರಿಂದ ಕೇಕ್ ಮೇಲ್ಭಾಗ ಬಿಳಿಯಾಗೇ ಇರುತ್ತದೆ, ಬಣ್ಣಕ್ಕಾಗಿ ಕಾಯಬೇಡಿ, ಕಡ್ಡಿ ಚುಚ್ಚಿ ನೋಡಿ. ಟಿನ್ ಇಡುವುದು, ಇಕ್ಕಳದಿಂದ ತೆಗೆಯುವುದು ಎರಡೂ ನಿಮ್ಮದೇ ಕೆಲಸ. ಸೀಮೆಸುಣ್ಣದ ಗೆರೆ ಆ ಹೊತ್ತಿಗೆ ಒಲೆಯ ಮುಂದಕ್ಕೆ ಬರಲಿ. ಆ ಉಪ್ಪನ್ನು ಅಡುಗೆಗೆ ಹಾಕಬೇಡಿ, ಆರಿದ ಮೇಲೆ ಒಂದು ಡಬ್ಬಿಯಲ್ಲಿ ತುಂಬಿ ಮುಂದಿನ ಸಲದ ಕಡಾಯಿಗೆ ಎತ್ತಿಡಿ.

ನಾನಕಟಾಯಿ, ಬಿಸ್ಕಿಟ್ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಬೆಚ್ಚಗಿರುವಾಗ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಮೆತ್ತಗಾಗುತ್ತವೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಂದು ವಾರ ಇರುತ್ತವೆ. ಮೊಸರು ಕೇಕ್ ಮಾತ್ರ ಬೇಸಿಗೆಯಲ್ಲಿ ಅವತ್ತೇ ತಿಂದು ಮುಗಿಸಬೇಕು, ಉಳಿದರೆ ಫ್ರಿಜ್‌ಗೆ. 4 ಇಂಚಿನ ಕೇಕ್ ನಾಲ್ಕು ತುಂಡಾಗುತ್ತದೆ. ನಮ್ಮ ಮನೆಯಲ್ಲಿ ಇದುವರೆಗೂ ಫ್ರಿಜ್ ತನಕ ಹೋಗಿಲ್ಲ.